ಮುನ್ನೂರರಲ್ಲಿ ಮೂವತ್ತೆಂಟು

ಸ್ಲೊವೇನಿಯಾದ ರಾಜಧಾನಿ ಲ್ಯುಬ್ಲಿಯಾನಾದ ವಿಶ್ವವಿದ್ಯಾಲಯ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ 1997ರಿಂದ 2005ರವರೆಗೆ ಒಂದು ತಾಳ್ಮೆಯ ಕೆಲಸ ನಡೆಯಿತು. ಗರ್ಭಿಣಿಯರ ಹೊಟ್ಟೆಯ ಮೇಲೆ ನಾಲ್ಕು ಎಲೆಕ್ಟ್ರೋಡ್‌ಗಳನ್ನು ಅಂಟಿಸಿ, ಗರ್ಭಕೋಶದ ಸ್ನಾಯುಗಳಲ್ಲಿ ಏಳುವ ಸಣ್ಣ ವಿದ್ಯುತ್ ಸಂಕೇತಗಳನ್ನು ಅರ್ಧ ಗಂಟೆ ಕಾಲ ದಾಖಲಿಸುತ್ತಿದ್ದರು. ಆಮೇಲೆ ಹೆರಿಗೆ ಯಾವಾಗ ಆಯಿತು ಎಂಬುದನ್ನೂ ಆ ದಾಖಲೆಗೆ ಸೇರಿಸುತ್ತಿದ್ದರು. ಹೀಗೆ 300 ಗರ್ಭಿಣಿಯರ 300 ದಾಖಲೆಗಳು ಒಟ್ಟಾದವು. ಅವರಲ್ಲಿ 262 ಮಂದಿಗೆ ದಿನ ತುಂಬಿ ಹೆರಿಗೆಯಾಗಿತ್ತು. ಉಳಿದ 38 ಮಂದಿಗೆ 37 ವಾರ ತುಂಬುವ ಮೊದಲೇ ಹೆರಿಗೆಯಾಗಿತ್ತು.

ಈ ದತ್ತಾಂಶ ಈಗ ಫಿಸಿಯೊನೆಟ್ ಎಂಬ ಜಾಲತಾಣದಲ್ಲಿ ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತದೆ. ಸಂಕೇತವನ್ನು ನೋಡಿ, ಈ ತಾಯಿಗೆ ಅವಧಿಗೆ ಮುಂಚೆ ಹೆರಿಗೆಯಾದೀತೇ ಎಂದು ವಾರಗಟ್ಟಲೆ ಮೊದಲೇ ಹೇಳಬಲ್ಲ ಕಂಪ್ಯೂಟರ್ ಮಾಡೆಲ್ ಕಟ್ಟಲು ಹಲವು ದೇಶಗಳ ಸಂಶೋಧಕರು ಇದನ್ನು ಬಳಸಿದರು. ನಮ್ಮ ಮಟ್ಟಿಗೂ ಇದು ದೂರದ ಮಾತಲ್ಲ. ಅವಧಿಪೂರ್ವ ಹೆರಿಗೆಗಳ ಸಂಖ್ಯೆಯಲ್ಲಿ ಭಾರತ ಜಗತ್ತಿನಲ್ಲೇ ಮೊದಲ ಸ್ಥಾನದಲ್ಲಿದೆ. ಮೊದಲೇ ಗೊತ್ತಾದರೆ ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಚುಚ್ಚುಮದ್ದು ಕೊಡಬಹುದು, ನವಜಾತ ಶಿಶುಗಳ ತೀವ್ರ ನಿಗಾ ಘಟಕ ಇರುವ ಆಸ್ಪತ್ರೆಗೆ ಸಮಯ ಇರುವಾಗಲೇ ಕಳಿಸಬಹುದು.

ಹಲವು ಸಂಶೋಧನಾ ಪ್ರಬಂಧಗಳಲ್ಲಿ ಬಂದ ಫಲಿತಾಂಶಗಳು ಬೆರಗು ಹುಟ್ಟಿಸುವಂತಿದ್ದವು. ಮಾಡೆಲ್ ಹೆಚ್ಚುಕಡಿಮೆ ತಪ್ಪೇ ಮಾಡುವುದಿಲ್ಲ ಎಂಬಂತಹ ಅಂಕಗಳು ಅವು. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಜಿಲ್ ವಾಂಡೆವೀಲೆ ಮತ್ತು ಸಂಗಡಿಗರಿಗೆ ಈ ಅಂಕಗಳ ಮೇಲೆ ಅನುಮಾನ ಬಂತು. ಅವರು ಆ ಪ್ರಬಂಧಗಳ ವಿಧಾನವನ್ನು ಮತ್ತೆ ಮಾಡಿ ನೋಡಿದರು. 2021ರಲ್ಲಿ ವೈದ್ಯಕೀಯ ಕೃತಕ ಬುದ್ಧಿಮತ್ತೆಯ ನಿಯತಕಾಲಿಕವೊಂದರಲ್ಲಿ ಅವರ ವರದಿ ಪ್ರಕಟವಾಯಿತು. ದೋಷವಿದ್ದದ್ದು ಒಂದೇ ಕಡೆ, ಎರಡು ಹೆಜ್ಜೆಗಳ ಕ್ರಮ ಅದಲುಬದಲಾಗಿತ್ತು. ಕ್ರಮ ಸರಿಪಡಿಸಿದಾಗ ಆ ಬೆರಗಿನ ಅಂಕಗಳು ಉಳಿಯಲಿಲ್ಲ. ಅದು ಎಂಥ ದೋಷ, ಏಕೆ ಅಷ್ಟು ಸುಲಭವಾಗಿ ಆಗುತ್ತದೆ ಎಂಬುದನ್ನು ಇದೇ 300 ದಾಖಲೆಗಳನ್ನು ಇಟ್ಟುಕೊಂಡು ನೋಡೋಣ.

ಏನೂ ಕಲಿಯದೆ 87 ಅಂಕ

ಮೊದಲ ತೊಡಕು 262 ಮತ್ತು 38ರ ನಡುವಿನ ಅಂತರದಲ್ಲೇ ಇದೆ. ಸಂಕೇತವನ್ನು ನೋಡುವ ಗೋಜಿಗೇ ಹೋಗದೆ "ಎಲ್ಲರಿಗೂ ದಿನ ತುಂಬಿಯೇ ಹೆರಿಗೆ" ಎಂದು ಹೇಳುವ ಮಾಡೆಲ್ 300ರಲ್ಲಿ 262 ಸಲ ಸರಿ. ಅಂದರೆ ಶೇ. 87ರಷ್ಟು ನಿಖರತೆ. ಆದರೆ ಯಾರನ್ನು ಹುಡುಕಬೇಕಿತ್ತೋ ಆ 38 ತಾಯಂದಿರಲ್ಲಿ ಒಬ್ಬರೂ ಅದಕ್ಕೆ ಸಿಕ್ಕಿಲ್ಲ. ಇಂತಹ ದತ್ತಾಂಶಕ್ಕೆ ಅಸಮತೋಲನದ ದತ್ತಾಂಶ ಎನ್ನುತ್ತಾರೆ. ಬ್ಯಾಂಕ್ ವಂಚನೆ, ಅಪರೂಪದ ಕಾಯಿಲೆ, ಯಂತ್ರ ಕೆಡುವ ಮುನ್ಸೂಚನೆ ಇವೆಲ್ಲ ಇದೇ ಜಾತಿಯವು.

ತರಬೇತಿಯ ಹೊತ್ತಿನಲ್ಲಿ ಮಾಡೆಲ್ ತನ್ನ ಒಟ್ಟು ತಪ್ಪನ್ನು ಕಡಿಮೆ ಮಾಡಿಕೊಳ್ಳಲು ನೋಡುತ್ತದೆ. ಪ್ರತಿ ದಾಖಲೆಯ ತಪ್ಪಿಗೂ ಒಂದೇ ಬೆಲೆ ಇದ್ದರೆ 262ರ ಗುಂಪಿನ ಮಾತೇ ನಡೆಯುತ್ತದೆ. ಇದನ್ನು ಸರಿಪಡಿಸಲು ಮೂರು ದಾರಿಗಳು ಬಳಕೆಯಲ್ಲಿವೆ.

ಮೊದಲನೆಯದು ಕ್ಲಾಸ್ ವೇಟ್, ಅಂದರೆ ಗುಂಪಿಗೊಂದು ತೂಕ ಕೊಡುವುದು. ಚಿಕ್ಕ ಗುಂಪಿನ ಒಂದು ದಾಖಲೆಯಲ್ಲಿ ಆದ ತಪ್ಪಿಗೆ ಹೆಚ್ಚು ದಂಡ, ದೊಡ್ಡ ಗುಂಪಿನ ತಪ್ಪಿಗೆ ಕಡಿಮೆ ದಂಡ. ಪೈಥಾನ್ ಬಳಸುವವರಿಗೆ ಗೊತ್ತಿರುವ ಸೈಕಿಟ್-ಲರ್ನ್ ತಂತ್ರಾಂಶದಲ್ಲಿ `class_weight="balanced"` ಎಂದು ಬರೆದರೆ ಸಾಕು, ಲೆಕ್ಕವನ್ನು ಅದೇ ಮಾಡಿಕೊಳ್ಳುತ್ತದೆ. ಒಟ್ಟು ದಾಖಲೆಗಳನ್ನು ಗುಂಪುಗಳ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಆ ಗುಂಪಿನ ದಾಖಲೆಗಳ ಸಂಖ್ಯೆಯಿಂದ ಭಾಗಿಸುತ್ತದೆ. ನಮ್ಮಲ್ಲಿ 300ರ ಅರ್ಧ 150. ಅದನ್ನು 38ರಿಂದ ಭಾಗಿಸಿದರೆ 3.95, 262ರಿಂದ ಭಾಗಿಸಿದರೆ 0.57. ಒಬ್ಬ ಅವಧಿಪೂರ್ವ ತಾಯಿಯ ದಾಖಲೆಗೆ ಈಗ ಸುಮಾರು ಏಳು ದಾಖಲೆಗಳ ತೂಕ.

ಎರಡನೆಯದು ಓವರ್‌ಸ್ಯಾಂಪ್ಲಿಂಗ್. ಇಲ್ಲಿ ಚಿಕ್ಕ ಗುಂಪನ್ನೇ ದೊಡ್ಡದು ಮಾಡುತ್ತಾರೆ. ಸರಳ ವಿಧಾನದಲ್ಲಿ 38 ದಾಖಲೆಗಳನ್ನು ಮತ್ತೆ ಮತ್ತೆ ನಕಲು ಮಾಡಿ 262ಕ್ಕೆ ಏರಿಸುತ್ತಾರೆ. 2002ರಲ್ಲಿ ನಿತೇಶ್ ಚಾವ್ಲಾ ಮತ್ತು ಸಂಗಡಿಗರು ಇದಕ್ಕೊಂದು ಸುಧಾರಣೆ ತಂದರು, ಅದರ ಹೆಸರು ಸ್ಮೋಟ್. ಅದು ನಕಲು ಮಾಡುವ ಬದಲು ಎರಡು ನಿಜ ದಾಖಲೆಗಳ ನಡುವೆ ಹೊಸದೊಂದನ್ನು ಹೊಲಿಯುತ್ತದೆ. ಉದಾಹರಣೆಗೆ, ಒಬ್ಬ ತಾಯಿಯ ಸಂಕೇತದ ಮಧ್ಯಮ ಆವರ್ತನ 0.40 ಹರ್ಟ್ಸ್, ಅವಳನ್ನೇ ಹೋಲುವ ಇನ್ನೊಬ್ಬ ತಾಯಿಯದು 0.48 ಹರ್ಟ್ಸ್ ಎಂದುಕೊಳ್ಳಿ. ಸ್ಮೋಟ್ ಈ ಎರಡರ ನಡುವೆ ಎಲ್ಲೋ ಒಂದು ಬಿಂದು ಆರಿಸಿ, 0.44 ಹರ್ಟ್ಸ್ ಇರುವ ಮೂರನೆಯ ತಾಯಿಯನ್ನು ಸೃಷ್ಟಿಸುತ್ತದೆ. ಆ ತಾಯಿ ಎಲ್ಲೂ ಇಲ್ಲ. ಅವಳಲ್ಲಿರುವ ಮಾಹಿತಿಯೆಲ್ಲ ಆ ಇಬ್ಬರದೇ.

ಮೂರನೆಯದು ಗಡಿ ಬದಲಿಸುವುದು. ಅದಕ್ಕೆ ಆಮೇಲೆ ಬರುತ್ತೇನೆ. ಏಕೆಂದರೆ ಎಡವಟ್ಟಾಗುವುದು ಎರಡನೆಯ ದಾರಿಯಲ್ಲಿ.

ಸೋರಿಕೆ ಆಗುವುದು ಹೀಗೆ

ಮಾಡೆಲ್ ಎಷ್ಟು ಕಲಿತಿದೆ ಎಂದು ತಿಳಿಯಲು ದತ್ತಾಂಶವನ್ನು ಎರಡು ಭಾಗ ಮಾಡುವುದು ರೂಢಿ. ಐದರಲ್ಲಿ ನಾಲ್ಕು ಪಾಲು ತರಬೇತಿಗೆ, ಒಂದು ಪಾಲು ಪರೀಕ್ಷೆಗೆ. ಪರೀಕ್ಷೆಯ ಪಾಲನ್ನು ಮಾಡೆಲ್ ಕಂಡಿರಬಾರದು. ನಾಳೆ ಬರುವ ಅಪರಿಚಿತ ತಾಯಿಯ ಸ್ಥಾನದಲ್ಲಿ ಇವತ್ತು ನಿಲ್ಲುವುದು ಅದೇ ತಾನೇ.

ಈಗ ಮೊದಲು 38ನ್ನು ನಕಲು ಮಾಡಿ 262ಕ್ಕೆ ಏರಿಸಿ, ಆಮೇಲೆ ಈ ಎರಡು ಪಾಲು ಮಾಡಿದರೆ ಏನಾಗುತ್ತದೆ ನೋಡಿ. ಪ್ರತಿ ಅವಧಿಪೂರ್ವ ತಾಯಿಯ ದಾಖಲೆ ಈಗ ಸುಮಾರು ಏಳು ಪ್ರತಿಗಳಲ್ಲಿದೆ. ಒಂದು ಪ್ರತಿ ಪರೀಕ್ಷೆಯ ಪಾಲಿಗೆ ಬಂತು ಎಂದಿಟ್ಟುಕೊಳ್ಳಿ. ಉಳಿದ ಆರೂ ಪ್ರತಿಗಳು ಪರೀಕ್ಷೆಯ ಪಾಲಿಗೇ ಬಂದು, ತರಬೇತಿಗೆ ಒಂದೂ ಹೋಗದಿರುವ ಸಾಧ್ಯತೆ ಎಷ್ಟು? ಪ್ರತಿಯೊಂದಕ್ಕೂ ಐದರಲ್ಲೊಂದು ಅವಕಾಶ. ಐದನ್ನು ಆರು ಸಲ ಗುಣಿಸಿದರೆ 15,625. ಅಷ್ಟರಲ್ಲಿ ಒಂದು ಸಲ ಮಾತ್ರ ಹಾಗಾದೀತು. ಅಂದರೆ ಪರೀಕ್ಷೆಯಲ್ಲಿ ಬರುವ ಅವಧಿಪೂರ್ವ ದಾಖಲೆಗಳನ್ನೆಲ್ಲ ಮಾಡೆಲ್ ಉತ್ತರದ ಸಮೇತ ಮೊದಲೇ ಓದಿಕೊಂಡು ಬಂದಿದೆ. ಪ್ರಶ್ನೆಪತ್ರಿಕೆ ಸೋರಿದ ಪರೀಕ್ಷೆಯ ಅಂಕಕ್ಕೆ ಎಷ್ಟು ಬೆಲೆಯೋ, ಈ ಅಂಕಕ್ಕೂ ಅಷ್ಟೇ.

ಸ್ಮೋಟ್ ಬಳಸಿದರೆ ಹೀಗಾಗದು ಎಂದು ಹಲವರು ನಂಬಿದ್ದಾರೆ, ಅದರಲ್ಲಿ ಪಡಿಯಚ್ಚು ಇಲ್ಲವಲ್ಲ ಎಂಬ ಕಾರಣಕ್ಕೆ. ಆದರೆ 0.40 ಹರ್ಟ್ಸ್‌ನ ತಾಯಿ ಪರೀಕ್ಷೆಯ ಪಾಲಿಗೆ ಹೋಗಿ, ಅವಳಿಂದ ಹುಟ್ಟಿಸಿದ 0.44ರ ಕೃತಕ ದಾಖಲೆ ತರಬೇತಿಯಲ್ಲಿ ಉಳಿದರೆ ಆಗುವುದೂ ಸೋರಿಕೆಯೇ. ಆ ಕೃತಕ ದಾಖಲೆಯ ಒಂದು ತುದಿ ಪರೀಕ್ಷೆಯ ದಾಖಲೆಯಲ್ಲೇ ಕಟ್ಟಿಕೊಂಡಿದೆ. ಪಡಿಯಚ್ಚಾದರೆ ಹುಡುಕಿದರೆ ಸಿಕ್ಕಿಬಿಡುತ್ತದೆ. ಇದು ಸಿಗುವುದಿಲ್ಲ, ಹಾಗಾಗಿ ಇದು ಹೆಚ್ಚು ಅಪಾಯಕಾರಿ ಎಂದೇ ನನ್ನ ಅಭಿಪ್ರಾಯ.

ಈ ಸೋರಿಕೆಗೆ ಎಷ್ಟು ಬಲವಿದೆ ಎಂದು ತಿಳಿಯಲು ಒಂದು ಲೆಕ್ಕ ಮಾಡೋಣ. ಹೆರಿಗೆಗೂ ಸಂಕೇತಕ್ಕೂ ಯಾವ ಸಂಬಂಧವೂ ಇಲ್ಲ ಎಂದುಕೊಳ್ಳಿ. 300 ದಾಖಲೆಗಳ ಜಾಗದಲ್ಲಿ ಮನಸ್ಸಿಗೆ ಬಂದ ಅಂಕಿಗಳನ್ನು ತುಂಬೋಣ, 38ಕ್ಕೆ ಅವಧಿಪೂರ್ವ ಎಂಬ ಚೀಟಿ ಅಂಟಿಸೋಣ. ಮಾಡೆಲ್ ಕೂಡ ಅತ್ಯಂತ ಸರಳವಾದದ್ದು. ಹೊಸ ದಾಖಲೆ ಬಂದಾಗ ತರಬೇತಿಯಲ್ಲಿ ಅದಕ್ಕೆ ಅತಿ ಹತ್ತಿರವಿರುವ ಒಂದು ದಾಖಲೆಯನ್ನು ಹುಡುಕಿ, ಅದರ ಚೀಟಿಯಲ್ಲಿ ಇರುವುದನ್ನೇ ಉತ್ತರವಾಗಿ ಕೊಡುತ್ತದೆ.

ಮೊದಲು ನಕಲು, ಆಮೇಲೆ ವಿಂಗಡಣೆ ಎಂಬ ತಪ್ಪು ಕ್ರಮದಲ್ಲಿ ಹೋದರೆ, ಪರೀಕ್ಷೆಯ ಪ್ರತಿ ಅವಧಿಪೂರ್ವ ದಾಖಲೆಗೂ ತರಬೇತಿಯಲ್ಲಿ ಅದರದೇ ಪಡಿಯಚ್ಚು ಸಿಗುತ್ತದೆ. ಹಾಗಾಗಿ ಆ ಗುಂಪಿನಲ್ಲಿ ನೂರಕ್ಕೆ ನೂರು ಸರಿ. ದಿನ ತುಂಬಿದ ಗುಂಪಿನಲ್ಲಿ ನಕಲು ಇಲ್ಲ. ಅಲ್ಲಿ ಹತ್ತಿರದ ನೆರೆ ಸಿಗುವುದು ಅದೃಷ್ಟದ ಮೇಲೆ. ತರಬೇತಿಯಲ್ಲಿ ದಿನ ತುಂಬಿದ ದಾಖಲೆಗಳು ಸುಮಾರು 210, ಬೇರೆ ಬೇರೆ ಅವಧಿಪೂರ್ವ ದಾಖಲೆಗಳು 38. ಒಟ್ಟು 248ರಲ್ಲಿ 210, ಅಂದರೆ ಶೇ. 85ರಷ್ಟು ಸಲ ಸರಿಯಾದ ಚೀಟಿ ಸಿಗುತ್ತದೆ. ಎರಡು ಗುಂಪುಗಳ ಸರಾಸರಿ ಶೇ. 92. ಅರ್ಥವೇ ಇಲ್ಲದ ಅಂಕಿಗಳಿಂದ ಶೇ. 92!

ಅದೇ ದಾಖಲೆಗಳನ್ನು ಮೊದಲು ವಿಂಗಡಿಸಿ, ತರಬೇತಿಯ ಪಾಲನ್ನು ಮಾತ್ರ ನಕಲು ಮಾಡಿದರೆ ಚಿತ್ರ ಬದಲಾಗುತ್ತದೆ. ತರಬೇತಿಯಲ್ಲಿ ಈಗ ಸುಮಾರು 30 ಅವಧಿಪೂರ್ವ ದಾಖಲೆಗಳು, 210 ದಿನ ತುಂಬಿದ ದಾಖಲೆಗಳು. ನಕಲುಗಳೆಲ್ಲ ಮೂಲದ ಜಾಗದಲ್ಲೇ ಕುಳಿತಿರುವುದರಿಂದ ನೆರೆ ಹುಡುಕುವಾಗ ಅವುಗಳಿಂದ ವ್ಯತ್ಯಾಸವಿಲ್ಲ. ಅವಧಿಪೂರ್ವ ಗುಂಪಿನಲ್ಲಿ ಸರಿ ಉತ್ತರ 240ರಲ್ಲಿ 30, ಎಂದರೆ ಶೇ. 12.5. ಇನ್ನೊಂದು ಗುಂಪಿನಲ್ಲಿ ಶೇ. 87.5. ಸರಾಸರಿ ಸರಿಯಾಗಿ ಶೇ. 50, ನಾಣ್ಯ ಚಿಮ್ಮಿದಷ್ಟೇ. ಸಂಬಂಧವೇ ಇಲ್ಲದ ಕಡೆ ಬರಬೇಕಾದ ಉತ್ತರ ಅದೇ.

ಈ ಲೆಕ್ಕದಲ್ಲೇ ಒಂದು ಒಳ್ಳೆಯ ತಪಾಸಣೆಯೂ ಇದೆ. ನಿಮ್ಮ ದತ್ತಾಂಶದ ಚೀಟಿಗಳನ್ನು ಬೇಕೆಂದೇ ಕಲಸಿಬಿಡಿ, ಯಾರ ಚೀಟಿ ಯಾರಿಗೋ ಹೋಗಲಿ. ಆಮೇಲೆ ಇಡೀ ಕೆಲಸವನ್ನು ಮೊದಲಿನಿಂದ ಮತ್ತೆ ನಡೆಸಿ. ಆಗಲೂ ಅಂಕ ಚೆನ್ನಾಗಿಯೇ ಬಂದರೆ ಎಲ್ಲೋ ಸೋರುತ್ತಿದೆ ಎಂದು ಖಚಿತ. ಬೇರೆಯವರ ಪ್ರಬಂಧ ಓದುವಾಗ ಇನ್ನೂ ಸುಲಭದ ಗುರುತು ಒಂದಿದೆ. ಫಲಿತಾಂಶದ ಕೋಷ್ಟಕದಲ್ಲಿ ಎಷ್ಟು ಅವಧಿಪೂರ್ವ ದಾಖಲೆಗಳನ್ನು ಪರೀಕ್ಷಿಸಿದ್ದಾರೆ ಎಂದು ಕೂಡಿಸಿ ನೋಡಿ. ಇರುವುದೇ 38, ಕೋಷ್ಟಕದಲ್ಲಿ 262 ಎಂದಿದ್ದರೆ ಪರೀಕ್ಷೆಯ ಪಾಲಿಗೂ ಕೃತಕ ದಾಖಲೆಗಳು ಹೊಕ್ಕಿವೆ.

ಸರಿಯಾದ ಕ್ರಮವನ್ನು ಮನುಷ್ಯರ ನೆನಪಿಗೆ ಬಿಡುವುದಕ್ಕಿಂತ ತಂತ್ರಾಂಶಕ್ಕೇ ಒಪ್ಪಿಸುವುದು ಮೇಲು. ಇಂಬ್ಯಾಲೆನ್ಸ್ಡ್-ಲರ್ನ್ ಎಂಬ ಉಚಿತ ಸಂಗ್ರಹದಲ್ಲಿ ಅದಕ್ಕೆಂದೇ ಪೈಪ್‌ಲೈನ್ ಇದೆ.

```python
from imblearn.pipeline import make_pipeline
from imblearn.over_sampling import SMOTE
from sklearn.ensemble import RandomForestClassifier
from sklearn.model_selection import cross_val_score

model = make_pipeline(SMOTE(), RandomForestClassifier())
cross_val_score(model, X, y, cv=5, scoring="roc_auc")
```

ಇಲ್ಲಿ ದತ್ತಾಂಶ ಐದು ಪಾಲಾಗುತ್ತದೆ. ಪ್ರತಿ ಸುತ್ತಿನಲ್ಲಿ ನಾಲ್ಕು ಪಾಲುಗಳ ಮೇಲೆ ಮಾತ್ರ ಸ್ಮೋಟ್ ನಡೆಯುತ್ತದೆ, ಐದನೆಯದು ಇದ್ದ ಹಾಗೇ ಉಳಿಯುತ್ತದೆ. ಇದರ ಮೇಲೆ ಎಲ್ಲೋ ಒಂದು ಕಡೆ `SMOTE().fit_resample(X, y)` ಎಂಬ ಸಾಲು ಇಡೀ ದತ್ತಾಂಶದ ಮೇಲೆ ಮೊದಲೇ ನಡೆದಿದ್ದರೆ ಮಾತ್ರ ಈ ಎಚ್ಚರವೆಲ್ಲ ವ್ಯರ್ಥ. ವಿದ್ಯಾರ್ಥಿಗಳ ಪ್ರಾಜೆಕ್ಟ್ ತಿದ್ದುವವರು ಮೊದಲು ಹುಡುಕಬೇಕಾದ ಸಾಲು ಅದು.

ಸಮ ಮಾಡಿದ ಲೋಕದಲ್ಲಿ ಪರೀಕ್ಷೆ

ಸೋರಿಕೆಯ ಜೊತೆಗೇ ಬರುವ ಇನ್ನೊಂದು ತೊಂದರೆ ಇದೆ. ಪರೀಕ್ಷೆಯ ಪಾಲೂ ಅರ್ಧಕ್ಕರ್ಧ ಆಗಿಬಿಟ್ಟರೆ, ಇಬ್ಬರು ಗರ್ಭಿಣಿಯರಲ್ಲಿ ಒಬ್ಬರಿಗೆ ಅವಧಿಪೂರ್ವ ಹೆರಿಗೆಯಾಗುವ ಲೋಕದಲ್ಲಿ ಮಾಡೆಲನ್ನು ಅಳೆದ ಹಾಗಾಯಿತು. ಅವಧಿಪೂರ್ವ ಹೆರಿಗೆಯ ನೂರರಲ್ಲಿ 80ನ್ನು ಗುರುತಿಸುವ, ದಿನ ತುಂಬಿದ ನೂರರಲ್ಲಿ 80ನ್ನು ಸರಿಯಾಗಿ ಬಿಡುವ ಮಾಡೆಲ್ ಇದೆ ಎಂದುಕೊಳ್ಳಿ. ಅರ್ಧಕ್ಕರ್ಧ ಲೋಕದಲ್ಲಿ ಅದು ಎಚ್ಚರಿಸಿದ ನೂರು ತಾಯಂದಿರಲ್ಲಿ 80 ಮಂದಿಗೆ ಎಚ್ಚರಿಕೆ ನಿಜ. ನಮ್ಮ 300 ಮಂದಿಯ ನಡುವೆ ಅದೇ ಮಾಡೆಲ್ 38ರಲ್ಲಿ 30 ಮಂದಿಯನ್ನು ಹಿಡಿಯುತ್ತದೆ, 262ರಲ್ಲಿ 52 ಮಂದಿಯನ್ನು ಸುಮ್ಮನೆ ಹೆದರಿಸುತ್ತದೆ. ಎಚ್ಚರಿಕೆ ಸಿಕ್ಕ 82 ಮಂದಿಯಲ್ಲಿ ನಿಜವಾದದ್ದು 30, ಶೇ. 37. ಆಸ್ಪತ್ರೆಗೆ ಬೇಕಾದದ್ದು ಈ ಎರಡನೆಯ ಅಂಕಿ.

ಗಡಿ ಎಲ್ಲಿರಬೇಕು

ಈಗ ಮೂರನೆಯ ದಾರಿ. ಬಹುತೇಕ ಮಾಡೆಲ್‌ಗಳು ನೇರವಾಗಿ ಹೌದು, ಇಲ್ಲ ಎನ್ನುವುದಿಲ್ಲ. ಒಳಗೊಳಗೆ ಒಂದು ಸಂಭವನೀಯತೆ ಲೆಕ್ಕ ಹಾಕುತ್ತವೆ: ಈ ತಾಯಿಗೆ ಶೇ. 8, ಆ ತಾಯಿಗೆ ಶೇ. 23. ಅದು ಶೇ. 50 ದಾಟಿದರೆ ಹೌದು ಎನ್ನುವುದು ತಂತ್ರಾಂಶದ ರೂಢಿ. ಸರಾಸರಿಯೇ ಶೇ. 12.7 ಇರುವ ಕಡೆ ಬಲವಾದ ಸುಳಿವಿಲ್ಲದೆ ಯಾರೂ ಶೇ. 50 ದಾಟುವುದಿಲ್ಲ. ಆದ್ದರಿಂದ ಮಾಡೆಲ್ ಎಲ್ಲರಿಗೂ "ಇಲ್ಲ" ಎಂದರೆ ಅದು ಏನೂ ಕಲಿತಿಲ್ಲ ಎಂದಾಗಲಿಲ್ಲ. ಶೇ. 23ರ ತಾಯಿಗೆ ಅಪಾಯ ಹೆಚ್ಚು ಎಂಬುದು ಅದಕ್ಕೆ ಗೊತ್ತಿದೆ, ಗಡಿ ಮಾತ್ರ ತಪ್ಪಾದ ಕಡೆ ಇದೆ.

ಗಡಿಯನ್ನು ಎಲ್ಲಿಡಬೇಕು ಎನ್ನುವುದಕ್ಕೆ ಸರಳ ಸೂತ್ರವಿದೆ. 2001ರಲ್ಲಿ ಚಾರ್ಲ್ಸ್ ಎಲ್ಕನ್ ಬರೆದ ಪ್ರಬಂಧದಲ್ಲಿ ಅದರ ವಿವರಣೆ ಸಿಗುತ್ತದೆ. ಸುಳ್ಳು ಎಚ್ಚರಿಕೆಯ ನಷ್ಟವನ್ನು, ಸುಳ್ಳು ಎಚ್ಚರಿಕೆ ಮತ್ತು ಕೈತಪ್ಪಿದ ಪ್ರಕರಣ ಎರಡರ ಒಟ್ಟು ನಷ್ಟದಿಂದ ಭಾಗಿಸಬೇಕು. ಒಬ್ಬ ತಾಯಿಯನ್ನು ಗುರುತಿಸದೆ ಬಿಡುವುದು ಒಬ್ಬರನ್ನು ಸುಮ್ಮನೆ ಹೆಚ್ಚುವರಿ ತಪಾಸಣೆಗೆ ಕರೆಸುವುದಕ್ಕಿಂತ ಒಂಬತ್ತು ಪಟ್ಟು ಕೆಟ್ಟದ್ದು ಎಂದು ವೈದ್ಯರು ತೀರ್ಮಾನಿಸಿದರೆ, ಒಂದನ್ನು ಹತ್ತರಿಂದ ಭಾಗಿಸಿ. ಗಡಿ ಶೇ. 10. ಈ ಒಂಬತ್ತು ಎಂಬ ಅಂಕಿ ಗಣಿತದಿಂದ ಬರುವುದಿಲ್ಲ. ಅದನ್ನು ಹೇಳಬೇಕಾದವರು ಹೆರಿಗೆ ವಾರ್ಡಿನ ವೈದ್ಯರು, ದಾದಿಯರು ಮತ್ತು ತಾಯಂದಿರು. ನನಗೆ ಈ ದಾರಿ ಇಷ್ಟವಾಗುವುದೂ ಅದಕ್ಕೇ. ತಪ್ಪಿನ ಬೆಲೆ ಎಷ್ಟು ಎಂಬ ಪ್ರಶ್ನೆ ಇಲ್ಲಿ ಬಯಲಿಗೆ ಬರುತ್ತದೆ, ಉಳಿದೆರಡು ದಾರಿಗಳಲ್ಲಿ ಅದು ತೂಕದ ಒಳಗೋ ನಕಲಿನ ಒಳಗೋ ಅಡಗಿ ಕೂರುತ್ತದೆ.

ಸೂತ್ರ ಕೆಲಸ ಮಾಡಬೇಕಾದರೆ ಒಂದು ಷರತ್ತಿದೆ. ಮಾಡೆಲ್ ಶೇ. 20 ಎಂದು ಹೇಳಿದ ನೂರು ತಾಯಂದಿರಲ್ಲಿ ಸುಮಾರು 20 ಮಂದಿಗೆ ನಿಜಕ್ಕೂ ಹಾಗಾಗಬೇಕು. ತೂಕ ಕೊಟ್ಟರೂ ನಕಲು ಮಾಡಿದರೂ ಈ ಗುಣ ಕೆಡುತ್ತದೆ, ಅದನ್ನು ಸರಿಯಾದ ಕ್ರಮದಲ್ಲೇ ಮಾಡಿದ್ದರೂ ಸಹ. ತರಬೇತಿಯಲ್ಲಿ ಶೇ. 12.7 ಇದ್ದದ್ದನ್ನು ನಾವು ಶೇ. 50 ಮಾಡಿದ್ದೇವೆ, ಮಾಡೆಲ್ ಅದನ್ನೇ ನಿಜವೆಂದು ನಂಬಿದೆ. ಅದು ಈಗ ಶೇ. 80 ಎಂದರೆ ನಾಲ್ಕಕ್ಕೆ ಒಂದರ ಅನುಪಾತ. ನಾವು ಚಿಕ್ಕ ಗುಂಪನ್ನು 6.9 ಪಟ್ಟು ಉಬ್ಬಿಸಿದ್ದರಿಂದ ಆ ನಾಲ್ಕನ್ನು 6.9ರಿಂದ ಭಾಗಿಸಬೇಕು. 0.58ಕ್ಕೆ ಒಂದು, ಅಂದರೆ ಶೇ. 37. ತಾಯಿಗೆ "ನೂರಕ್ಕೆ 80" ಎಂದು ಹೇಳುವುದಕ್ಕೂ "ನೂರಕ್ಕೆ 37" ಎಂದು ಹೇಳುವುದಕ್ಕೂ ಇರುವ ಅಂತರ ಸಣ್ಣದಲ್ಲ.

2022ರಲ್ಲಿ ರೂಬೆನ್ ವಾನ್ ಡೆನ್ ಗೂರ್‌ಬರ್ಗ್ ಮತ್ತು ಸಂಗಡಿಗರು ಅಂಡಾಶಯದ ಗೆಡ್ಡೆಗಳ ದತ್ತಾಂಶದ ಮೇಲೆ ಇದನ್ನು ಪರೀಕ್ಷಿಸಿದರು. ಲಾಜಿಸ್ಟಿಕ್ ರಿಗ್ರೆಷನ್ ಮಾಡೆಲ್‌ಗಳಲ್ಲಿ ನಕಲು, ಸ್ಮೋಟ್ ಇತ್ಯಾದಿಗಳಿಂದ ಗುರುತಿಸುವ ಸಾಮರ್ಥ್ಯ ಹೆಚ್ಚಲಿಲ್ಲ, ಅಪಾಯದ ಅಂದಾಜು ಮಾತ್ರ ವಿಪರೀತ ಉಬ್ಬಿತು. ಗಡಿ ಬದಲಿಸಿದರೇ ಸಾಕಿತ್ತು ಎಂಬುದು ಅವರ ತೀರ್ಮಾನದ ಸಾರ. ಎಲ್ಲ ಬಗೆಯ ಮಾಡೆಲ್‌ಗಳಿಗೂ ಇದನ್ನು ಹಾಗೆಯೇ ಅನ್ವಯಿಸಲಾಗದು. ಆದರೂ ಕೆಲಸ ಶುರುಮಾಡುವವರು ಹಿಡಿಯಬೇಕಾದ ಕ್ರಮ ನನಗಂತೂ ಸ್ಪಷ್ಟ. ಮೊದಲು ಏನೂ ಸಮ ಮಾಡದೆ ಮಾಡೆಲ್ ಕಟ್ಟಿ ಗಡಿ ಹೊಂದಿಸಿ ನೋಡಬೇಕು. ಸಾಲದಿದ್ದರೆ ಕ್ಲಾಸ್ ವೇಟ್ ಬಳಸಬೇಕು. ಏಳು ಪ್ರತಿ ಮಾಡುವುದೂ ಏಳರ ತೂಕ ಕೊಡುವುದೂ ಮಾಡೆಲ್ ಮೇಲೆ ಬೀರುವ ಪರಿಣಾಮ ಹೆಚ್ಚುಕಡಿಮೆ ಒಂದೇ, ಆದರೆ ತೂಕದಲ್ಲಿ ಸೋರಲು ಪ್ರತಿಗಳೇ ಇರುವುದಿಲ್ಲ. ಓವರ್‌ಸ್ಯಾಂಪ್ಲಿಂಗ್ ಕೊನೆಯದು.

ಗಡಿಯಲ್ಲೂ ಸೋರಿಕೆ ಆಗುತ್ತದೆ ಎಂಬುದನ್ನು ಮರೆಯಬಾರದು. ಪರೀಕ್ಷೆಯ ಪಾಲನ್ನೇ ನೋಡುತ್ತಾ, ಅಂಕ ಎಲ್ಲಿ ಚೆನ್ನಾಗಿ ಬರುತ್ತದೋ ಅಲ್ಲಿ ಗಡಿ ಇಟ್ಟರೆ ಅದೂ ಉತ್ತರ ನೋಡಿ ಬರೆದಂತೆ. ಗಡಿಯನ್ನು ತರಬೇತಿಯ ಪಾಲಿನೊಳಗೇ ಒಂದಷ್ಟು ದಾಖಲೆಗಳನ್ನು ಎತ್ತಿಟ್ಟು ಆರಿಸಬೇಕು. ನಮ್ಮ ದತ್ತಾಂಶದಲ್ಲಿ ಪರೀಕ್ಷೆಯ ಪಾಲಿಗೆ ಬರುವ ಅವಧಿಪೂರ್ವ ತಾಯಂದಿರು ಏಳೋ ಎಂಟೋ. ಎಂಟರಲ್ಲಿ ಒಬ್ಬರು ಆಚೀಚೆಯಾದರೆ ಅಂಕ ಶೇ. 12.5 ಏರುತ್ತದೆ ಇಲ್ಲವೇ ಇಳಿಯುತ್ತದೆ. ಇಷ್ಟು ಚಿಕ್ಕ ಗುಂಪಿನ ಮೇಲೆ ದಶಾಂಶದ ನಂತರ ಎರಡು ಅಂಕಿ ಬರೆದು ತೋರಿಸುವುದರಲ್ಲಿ ಅರ್ಥವಿಲ್ಲ. ಈ ಕೊರತೆಯನ್ನು ಯಾವ ತೂಕವೂ ಯಾವ ನಕಲೂ ತುಂಬಲಾರದು. 38 ತಾಯಂದಿರಿಂದ 38 ತಾಯಂದಿರಷ್ಟೇ ಮಾಹಿತಿ ಸಿಗುತ್ತದೆ. ಹೆಚ್ಚು ಬೇಕಿದ್ದರೆ ಇನ್ನಷ್ಟು ಆಸ್ಪತ್ರೆಗಳಲ್ಲಿ ಇನ್ನಷ್ಟು ತಾಯಂದಿರ ಸಂಕೇತಗಳನ್ನು ದಾಖಲಿಸಬೇಕು.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ರೋಗ ಪತ್ತೆಯ ಮಾಡೆಲ್‌ಗಳನ್ನು ಪ್ರಾಜೆಕ್ಟ್ ಆಗಿ ಕಟ್ಟುವ ವಿದ್ಯಾರ್ಥಿಗಳಿಗೆ, ಅವನ್ನು ನೋಡಿ ಅಂಕ ಕೊಡುವ ಅಧ್ಯಾಪಕರಿಗೆ ನನ್ನದೊಂದು ಕೋರಿಕೆ. ವರದಿಯ ಮೊದಲ ಪುಟದಲ್ಲೇ ಮೂರು ವಿಷಯ ಬರೆಯಿರಿ: ವಿಂಗಡಣೆ ಯಾವ ಹಂತದಲ್ಲಿ ಆಯಿತು, ಪರೀಕ್ಷೆಯ ಪಾಲಿನಲ್ಲಿ ಎರಡೂ ಗುಂಪಿನ ನಿಜ ದಾಖಲೆಗಳು ಎಷ್ಟೆಷ್ಟು ಇದ್ದವು, ಚೀಟಿ ಕಲಸಿದಾಗ ಅಂಕ ಎಷ್ಟು ಬಂತು. ಈ ಮೂರು ಇಲ್ಲದ ಶೇ. 99ನ್ನು ಒಪ್ಪಿಕೊಳ್ಳಬೇಡಿ.